ಗ್ರಾಫಿನ ಒಂದೂವರೆ ಮಿಲಿಮೀಟರ್, ಟೇಬಲ್ ಮೇಲಿನ ಹನ್ನೆರಡು ಪೀಸು

ಬೆಳಗಾವಿಯ ಉದ್ಯಮಬಾಗದ ನಮ್ಮ ಶಾಪಿನಲ್ಲಿ ಶನಿವಾರ ಸಂಜೆ ಇನ್ಸ್‌ಪೆಕ್ಷನ್ ಟೇಬಲ್ ಮೇಲೆ ಹನ್ನೆರಡು ಪೀಸು ಹಾಗೇ ಕೂತಿದ್ದವು. ಟೇಬಲ್‌ನವರು ಕೇಳಿದರು: "ಸರ, ನಿಮ್ಮ ಪ್ಲ್ಯಾನಿನ್ಯಾಗ ನನ್ನ ಟೇಬಲ್ ಐತೇನ್ರಿ?" ಇತ್ತು. ಅದೇ ಬೇಜಾರು.

ನಮ್ಮ ಪೀಸು ಎರಡು ಬಗೆ, ಬಾಡಿ ಮತ್ತು ಕವರ್. ದಿನಕ್ಕೆ x ಬಾಡಿ, y ಕವರ್ ಮಾಡುತ್ತೇವೆ ಅಂದುಕೊಳ್ಳಿ. ಟರ್ನಿಂಗ್‌ಗೆ ಒಂದು ಬಾಡಿಗೆ 24 ನಿಮಿಷ, ಕವರಿಗೆ 12. ಶಿಫ್ಟಿನಲ್ಲಿ ಸಿಗುವುದು 480. ಡ್ರಿಲ್ಲಿಂಗ್‌ಗೆ 9 ಮತ್ತು 18. ಸೆಟ್ಟಿಂಗ್ ಕಳೆದು 450. ಇನ್ಸ್‌ಪೆಕ್ಷನ್‌ಗೆ ಯಾವುದಾದರೂ 15. ಇರುವ ಒಬ್ಬರಿಗೆ ಸಿಗುವುದು 420. ಭಾಗಿಸಿ ಚಿಕ್ಕದು ಮಾಡಿದರೆ:

```
2x + y ≤ 40
x + 2y ≤ 50
x + y ≤ 28
x ≥ 0, y ≥ 0
```

ಒಂದು ಬಾಡಿಯಿಂದ 60 ರೂಪಾಯಿ, ಕವರಿನಿಂದ 40 ರೂಪಾಯಿ ಲಾಭ ಉಳಿಯುತ್ತದೆ. ಈ ಎಲ್ಲ ಮಿತಿಗಳಿಗೂ ಒಪ್ಪುವ ಬಿಂದುಗಳು ಸೇರಿದ್ದೇ ಸಾಧ್ಯ ಪ್ರದೇಶ. ಅತಿ ಹೆಚ್ಚಿನ ಲಾಭ ಅದರ ಯಾವುದಾದರೂ ಮೂಲೆಯಲ್ಲೇ ಸಿಗುತ್ತದೆ. ಹಾಗಾಗಿ ಕೆಲಸವೆಲ್ಲ ಆ ಮೂಲೆಗಳನ್ನು ಹಿಡಿಯುವುದರಲ್ಲಿದೆ.

ನಾನು ಮೊದಲ ಎರಡು ಗೆರೆಗಳನ್ನು ಬಿಡಿಸಿದೆ. ಅವು (10, 20)ರಲ್ಲಿ ಕೂಡಿದವು. ಮೂರನೆಯದನ್ನೂ ಎಳೆದೆ, ಅದೂ ಅಲ್ಲೇ ಹಾದುಹೋಗುವಂತೆ ಕಂಡಿತು. 'ಮೂರೂ ಒಂದೇ ಬಿಂದುವಿನಲ್ಲಿ ಕೂಡ್ಯಾವ' ಎಂದುಕೊಂಡು ಪ್ಲ್ಯಾನ್ ಬರೆದುಬಿಟ್ಟೆ. ಒಂದು ಸೆಂಟಿಮೀಟರಿಗೆ 10 ಪೀಸಿನ ಗ್ರಾಫು ಅದು. ಆ ಬಿಂದು ಮೂರನೆಯ ಗೆರೆಯಿಂದ ಹೊರಗೆ ಸುಮಾರು 1.4 ಮಿಲಿಮೀಟರ್ ದೂರದಲ್ಲಿತ್ತು. ಮೊಂಡು ಪೆನ್ಸಿಲ್ಲಿನ ಗೆರೆ ಅಷ್ಟನ್ನು ನುಂಗಿಹಾಕುತ್ತದೆ. 10 + 20 = 30, ಮಿತಿ 28. ದಿನಕ್ಕೆ ಎರಡು ಪೀಸು ಹೆಚ್ಚು, ಆರು ದಿನಕ್ಕೆ ಹನ್ನೆರಡು. ಬಾಯಲ್ಲಿ ಕೂಡಿಸಿದ್ದರೂ ಸಾಕಿತ್ತು.

ಪ್ಲ್ಯಾನಿಂಗ್ ಶೀಟೂ ಎಚ್ಚರಿಸಲಿಲ್ಲ. ಅದರಲ್ಲಿ ಮಷಿನ್‌ಗಳಿಗೆ ಮಾತ್ರ ಕಾಲಂ. ಕೈಯಲ್ಲಿ ಗೇಜ್ ಹಿಡಿದು ನಿಂತವರಿಗೆ ಇಲ್ಲ. ಟರ್ನಿಂಗ್ 480ಕ್ಕೆ 480, ಡ್ರಿಲ್ಲಿಂಗ್ 450ಕ್ಕೆ 450, ಎರಡೂ ಹಸಿರು. ಮ್ಯಾನೇಜರ್ ಖುಷಿಯಾಗಿ ಸಹಿ ಹಾಕಿದರು.

ಆಮೇಲೆ ಸರಿಯಾಗಿ ಕೂತು ಮಾಡಿದೆ. ಮೂರು ಗೆರೆ, ಎರಡು ಅಕ್ಷ: ಎರಡೆರಡರಂತೆ ಜೋಡಿಸಿದರೆ ಹತ್ತು ಛೇದಬಿಂದು. ಪ್ರತಿಯೊಂದನ್ನೂ ಉಳಿದ ಎಲ್ಲ ಅಸಮಾನತೆಗಳಿಗೆ ಹಾಕಿ ನೋಡಬೇಕು. ಒಂದರಲ್ಲಿ ತಪ್ಪಿದರೂ ಅದು ಮೂಲೆಯಲ್ಲ. (0, 28) ಡ್ರಿಲ್ಲಿಂಗ್‌ನಲ್ಲಿ 56 ಆಗಿ ಬಿತ್ತು. (28, 0) ಟರ್ನಿಂಗ್‌ನಲ್ಲಿ 56 ಆಗಿ ಬಿತ್ತು. (0, 40), (50, 0), ನಮ್ಮ (10, 20) ಕೂಡ ಹೊರಗೆ. ಉಳಿದದ್ದು ಐದು.

(10, 20) ಹೋದ ಜಾಗದಲ್ಲಿ ಎರಡು ಹೊಸ ಮೂಲೆಗಳು ಹುಟ್ಟಿದವು. 2x + y = 40ರಿಂದ x + y = 28 ಕಳೆದರೆ x = 12, y = 16. x + 2y = 50ರಿಂದ ಅದನ್ನೇ ಕಳೆದರೆ y = 22, x = 6. ಪಟ್ಟಿ ಹೀಗೆ:

```
(0, 0)      0
(20, 0)  1200
(12, 16) 1360
(6, 22)  1240
(0, 25)  1000
```

ಸುಳ್ಳು ಮೂಲೆ 1400 ತೋರಿಸುತ್ತಿತ್ತು. ಪ್ರದೇಶದ ಹೊರಗಿನ ಬಿಂದು ಒಳಗಿನ ಎಲ್ಲಕ್ಕಿಂತ ಹೆಚ್ಚು ಲಾಭ ತೋರಿಸಬಹುದು; ಆದ್ದರಿಂದ ಲಾಭ ದೊಡ್ಡದಿದೆ ಎಂದು ನೋಡಿ ಆರಿಸಿದರೆ ತಪ್ಪು ಬಿಂದುವೇ ಕೈಗೆ ಬರುತ್ತದೆ. ಮೊದಲು ಸೋಸಬೇಕು, ಆಮೇಲೆ ಹೋಲಿಸಬೇಕು. ನಾನು ತಿರುಗಾಮುರುಗಾ ಮಾಡಿದ್ದೆ.

(12, 16) ಎಷ್ಟು ಗಟ್ಟಿ ಎಂಬುದೂ ಇಲ್ಲೇ ತಿಳಿಯುತ್ತದೆ. ಆ ಮೂಲೆಯಲ್ಲಿ ಕೂಡುವ ಗೆರೆಗಳಲ್ಲಿ x, y ಗುಣಕಗಳ ಅನುಪಾತ ಒಂದರಲ್ಲಿ 2, ಇನ್ನೊಂದರಲ್ಲಿ 1. ನಮ್ಮ ಲಾಭದ್ದು 60ಕ್ಕೆ 40, ಅಂದರೆ 1.5, ನಡುವೆ ಇದೆ. ಕವರಿನ ಲಾಭ 60ಕ್ಕೆ ಏರಿದರೆ ಅನುಪಾತ 1 ಆಗುತ್ತದೆ. ಆಗ (12, 16), (6, 22) ಎರಡರಲ್ಲೂ 1680, ನಡುವಿನ ಅಂಚಿನುದ್ದಕ್ಕೂ ಅಷ್ಟೇ. ಅದಕ್ಕೂ ಮೇಲೆ ಹೋದರೆ ಪ್ಲ್ಯಾನ್ ಬದಲಿಸಲೇಬೇಕು.

ಸೋಮವಾರ ಹೊಸ ಪ್ಲ್ಯಾನ್ ಒಯ್ದೆ. ಮ್ಯಾನೇಜರ್ ಕಣ್ಣು ಬಿದ್ದದ್ದು ಒಂದರ ಮೇಲೆಯೇ: ಡ್ರಿಲ್ಲಿಂಗ್ 396 ನಿಮಿಷ, 54 ಖಾಲಿ. "ಇದನ್ನ ತುಂಬಸ್ರಿ!" ತುಂಬಿಸಬಹುದು, ಇನ್ಸ್‌ಪೆಕ್ಷನ್ 30 ನಿಮಿಷ ಹೆಚ್ಚಿದರೆ 28 ಇದ್ದದ್ದು 30 ಆಗುತ್ತದೆ. ಆಗ ಮೂರೂ ಗೆರೆ ನಿಜಕ್ಕೂ (10, 20)ರಲ್ಲಿ ಕೂಡುತ್ತವೆ, ಲಾಭ 1400. ಅರ್ಧ ಗಂಟೆ ಓವರ್‌ಟೈಮಿಗೆ ಸಿಗುವುದು 40 ರೂಪಾಯಿ. ಅಲ್ಲಿಂದಾಚೆ ಟೇಬಲ್‌ಗೆ ಎಷ್ಟು ನಿಮಿಷ ಕೊಟ್ಟರೂ ಒಂದು ಪೈಸೆ ಹೆಚ್ಚುವುದಿಲ್ಲ. ಮಷಿನ್‌ಗಳೇ ಅಡ್ಡ ನಿಲ್ಲುತ್ತವೆ.

ಲೆಕ್ಕ ಕೇಳಿ ಅವರು ಸುಮ್ಮನಾದರು. ಡ್ರಿಲ್ಲಿಂಗ್ ದಿನಾ 54 ನಿಮಿಷ ಖಾಲಿಯೇ ನಿಲ್ಲುತ್ತಿದೆ. ಶೀಟಿನಲ್ಲಿ ಇನ್ಸ್‌ಪೆಕ್ಷನ್ ಕಾಲಂ ಇನ್ನೂ ಬಂದಿಲ್ಲ.