ಚೆಂಡಿನ ತಲಿ ಅಲ್ಲ, ಬುಡ ಓದ್ರಿ

ವಿಜಯಪುರದಾಗ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬ್ ನೋಡ್ಕೋತೀನಿ ನಾನು. ನಮ್ಮಲ್ಲಿ ಎಲ್ಲಕ್ಕಿಂತ ಸಸ್ತಾ ಎಕ್ಸ್‌ಪೆರಿಮೆಂಟ್ ಅಂದ್ರ ಚೆಂಡು ಪುಟಿಸೋದು. ಗ್ವಾಡಿಗೆ ಸ್ಕೇಲ್ ಹಚ್ಚಿ, ಟೆನಿಸ್ ಬಾಲ್ ಫರಸಿ ಮ್ಯಾಲ ಬಿಟ್ಟು, ಮೊಬೈಲ್‌ನಾಗ ಸ್ಲೋ ಮೋಷನ್ ವಿಡಿಯೋ ತಗದು ಒಂದೊಂದು ಸಲ ಎಷ್ಟು ಮ್ಯಾಲ ಏಳ್ತದ ಅಂತ ಬರ್ಕೊಳ್ಳೋದು, ಅಷ್ಟ. ನೆಲಕ್ಕ ಬಡಿಯೋ ಸ್ಪೀಡು √(2gh), ಬಡದು ಏಳೋ ಸ್ಪೀಡೂ ಹಂಗೇ ಅದರ ಮುಂದಿನ ಎತ್ತರದಿಂದ ಬರ್ತದ, ಏಳೋ ಸ್ಪೀಡನ್ನ ಬಡಿಯೋ ಸ್ಪೀಡಿನಿಂದ ಭಾಗಿಸಿದ್ರ ಸಿಗೋದಕ್ಕ e ಅಂತಾರ, 2g ಹೊಡದು ಹೋಗಿ e = √(h₂/h₁) ಉಳೀತದ. ಟೈಮರ್ ಬ್ಯಾಡ, ತೂಕ ಬ್ಯಾಡ.

ಸಸ್ತಾ ಅಂತ ಹುಡುಗ್ರು ಹಗರ ಮಾಡ್ತಾರ, ಆದ್ರ ನನಗ ಜರ್ನಲ್ ಚೆಕ್ ಮಾಡೂವಾಗ ಭಾಳ ಮಜಾ ಕೊಡೋದು ಇದ. ಒಂದು ಬ್ಯಾಚ್ ತಂದ ರೀಡಿಂಗ್ ನೋಡ್ರಿ, ಸೆಂಟಿಮೀಟರ್‌ನಾಗ: ಬಿಟ್ಟ ಎತ್ತರ 106.7, ಆಮ್ಯಾಲ 63.0, 38.3, 24.5, 16.7. ಒಂದರ ಮ್ಯಾಲ ಒಂದು e ತಗದ್ರ 0.768, 0.780, 0.800, 0.826. ಸರಾಸರಿ 0.79 ಅಂತ ಬರದು ಕೆಳಗ ಎರಡು ಗೆರಿ ಎಳದಿದ್ರು.

"ಏನ್ರಪಾ, e ಏರ್ಕೋತ ಹೊಂಟದಲ್ಲ?" ಅಂದೆ.

"ಹೌದ್ರಿ ಸರ್, ಸ್ಪೀಡ್ ಕಡಿಮಿ ಆದಂಗ e ಹೆಚ್ಚಾಗ್ತದ ಅಂತ ಓದೀವ್ರಿ" ಅಂದ ಅವರೊಳಗಿನ ಶಾಣ್ಯಾ.

ಓದಿದ್ದು ಸುಳ್ಳಲ್ಲ, ಅದಕ್ಕ ಇದು ತ್ರಾಸಿನ ಕೇಸು. ಜೋರಾಗಿ ಬಡದಾಗ ಚೆಂಡು ಹೆಚ್ಚು ಅಮುಕ್ತದ, ರಬ್ಬರ್‌ನಾಗ ಹೆಚ್ಚು ಪಾಲು ಶಕ್ತಿ ಶಾಖ ಆಗಿ ಹೋಗ್ತದ, ಜೊತಿಗೆ ಗಾಳಿ ಎಳತಾನೂ ಎತ್ತರದ ಬೌನ್ಸ್‌ನಾಗ ಸ್ವಲ್ಪ ಹೆಚ್ಚ ತಿಂತದ. ಆದ್ರ ಒಂದು ಮೀಟರ್ ಒಳಗಿನ ಬೌನ್ಸ್‌ನಾಗ 0.77ರಿಂದ 0.83ರ ತನಕ, ಅದೂ ಪ್ರತಿ ಸಲ ಹೆಚ್ಚ ಹೆಚ್ಚ ಜಿಗಿತ ಹೊಡಕೋತ ಏರಿದ್ರ ನಾನು ಮೊದಲ ಸ್ಕೇಲ್ ಮ್ಯಾಲ ಡೌಟ್ ಪಡ್ತೀನಿ. ವಿಡಿಯೋದಾಗ ಕಣ್ಣಿಗೆ ಛಲೋ ಕಾಣೋದು ಚೆಂಡಿನ ತಲಿ, ಅದನ್ನ ಓದಿಬಿಟ್ಟಿರ್ತಾರ. ಆದ್ರ ಚೆಂಡು ನೆಲದ ಮ್ಯಾಲ ಸುಮ್ನ ಕೂತಾಗೂ ಅದರ ತಲಿ 6.7 ಸೆಂಟಿಮೀಟರ್ ತೋರಸ್ತದ, ಅಂದ್ರ ಎಲ್ಲಾ ರೀಡಿಂಗಿಗೂ ಚೆಂಡಿನ ವ್ಯಾಸ ಪುಗಸಟ್ಟೆ ಕೂಡೇದ. ರುಮಾಲು ಸುತ್ತಿದವರ ಎತ್ತರ ಅಳದಂಗ ಇದು: ಉದ್ದನ್ನ ಮನಷ್ಯಾಗ ಅಷ್ಟು ಫರಕ್ ಬೀಳಂಗಿಲ್ಲ, ಗಿಡ್ಡ ಹುಡುಗಗ ರುಮಾಲೇ ಅರ್ಧ ಎತ್ತರ.

ಇದನ್ನ ವ್ಯಾಸ ಗೊತ್ತಿಲ್ಲದನೂ ಹಿಡೀಬಹುದು. ಎತ್ತರ ಬಿಟ್ಟು ಎತ್ತರಗಳ ವ್ಯತ್ಯಾಸ ತಗೋರಿ: 43.7, 24.7, 13.8, 7.8. ಎಲ್ಲಾದ್ರಾಗೂ ಒಂದೇ ಹೆಚ್ಚುವರಿ ಕೂಡಿದ್ರ ಕಳದಾಗ ಅದು ಹೊಡದು ಹೋಗ್ತದ. ಈಗ ಭಾಗಿಸ್ರಿ, 0.565, 0.559, 0.565, ಮೂಲ ತಗದ್ರ ಮೂರೂ 0.75ರ ಹತ್ರ ಬಂದು ನಿಂತ್ವು. ಏರೋದು ನಿಂತೇ ಹೋತು! ಖರೇನ ರಬ್ಬರ್ ಸ್ವಭಾವದಿಂದ e ಏರ್ತಿದ್ರ ಇಷ್ಟು ಸಾಪಾಟ ಬರ್ತಿರಲಿಲ್ಲ.

ಗ್ರಾಫ್ ಬೇಕಂದ್ರ ಈ ಬೌನ್ಸಿನ ಎತ್ತರ ಅಡ್ಡ, ಮುಂದಿನದು ಉದ್ದ ಹಾಕಿ ಗೆರಿ ಎಳೀರಿ, ಸ್ಲೋಪ್ e² ಬರ್ತದ, ಇಲ್ಲಿ ಸುಮಾರು 0.56. ಗೆರಿ ಸೊನ್ನಿ ಮ್ಯಾಲ ಹಾಯದ ಉದ್ದನ ಅಕ್ಷಾನ 2.9ರಲ್ಲಿ ಕಡೀತದ, ಅದನ್ನ (1 − 0.56)ರಿಂದ ಭಾಗಿಸಿದ್ರ 6.6 ಬರ್ತದ, ಕೂಡಿದ ಹೆಚ್ಚುವರಿ ಅದ. ಹುಡುಗ್ರ ಕೈಯಾಗ ವರ್ನಿಯರ್ ಕೊಟ್ಟು ಚೆಂಡು ಅಳೀರಿ ಅಂದೆ, 6.7 ಬಂತು, ಶಾಣ್ಯಾ ನಕ್ಕ.

ಆದ್ರ ಈ ವ್ಯತ್ಯಾಸದ ಲೆಕ್ಕ ತಪ್ಪು ಪತ್ತೆ ಹಚ್ಚಲಿಕ್ಕ ಮಾತ್ರ, ಇದರ ಮ್ಯಾಲ ಉತ್ತರ ಬರೀಬ್ಯಾಡ್ರಿ. ಒಂದೊಂದು ರೀಡಿಂಗ್‌ನಾಗ ಅರ್ಧ ಸೆಂಟಿಮೀಟರ್ ಹಿಂದಮುಂದ ಆದ್ರ 7.8 ಅನ್ನೋ ವ್ಯತ್ಯಾಸದಾಗ ಒಂದು ಸೆಂಟಿಮೀಟರ್ ತನಕ ತಪ್ಪು ಕೂಡಬಹುದು, ಅದು ಹತ್ತು ಪರ್ಸೆಂಟಿಗೂ ಮ್ಯಾಲ. ಅದಕ್ಕ ಸೀದಾ ಬುಡದಿಂದ ಓದೋದೇ ಛಲೋ: ಬಿಡೂವಾಗ ಚೆಂಡಿನ ಬುಡ 100ರ ಗೆರಿಗೆ, ಏಳೂವಾಗೂ ಬುಡದ ಗೆರಿನೇ. ಮೊಬೈಲ್‌ನೂ ಒಂದೇ ಎತ್ತರಕ್ಕ ಇಟ್ಟು ಬಿಡಬ್ಯಾಡ್ರಿ, ಚೆಂಡು ಸ್ಕೇಲಿಗಿಂತ ಮುಂದ ಇರ್ತದ, ಕ್ಯಾಮೆರಾಕ್ಕಿಂತ ಮ್ಯಾಲ ಇದ್ರ ಹೆಚ್ಚು, ಕೆಳಗ ಇದ್ರ ಕಡಿಮಿ ಓದಸ್ತದ. ಅದಕ್ಕ ಒಂದು ಬೌನ್ಸಿಗೆ ಒಂದು ಡ್ರಾಪ್, ಪ್ರತಿ ಸಲ ಮೊಬೈಲ್ ಆ ಬೌನ್ಸಿನ ತುದಿ ಮಟ್ಟಕ್ಕ. ಬ್ಯಾಸರ ಬರ್ತದ, ಖರೆ.

ಮತ್ತ ಸರಾಸರಿ ತಗೊಳ್ಳೋ ಚಟ. ಐದು ಎತ್ತರದ ನಾಲ್ಕು ಅನುಪಾತ ಗುಣಿಸಿದ್ರ ನಡಬರಕಿನ ರೀಡಿಂಗ್ ಎಲ್ಲಾ ಹೊಡದು ಹೋಗಿ ಮೊದಲಿಂದು, ಕಡೀದು ಎರಡೇ ಉಳೀತಾವ. ಸಾದಾ ಸರಾಸರಿಯೊಳಗೂ ಹೆಚ್ಚುಕಡಿಮಿ ಇದೇ ಕಥಿ. ಅದಕ್ಕ ಎತ್ತರದ ಲಾಗ್ ತಗೊಂಡು ಬೌನ್ಸ್ ನಂಬರ್ ಎದುರಿಗೆ ಗೆರಿ ಹಾಕಸ್ತೀನಿ, ನ್ಯಾಚುರಲ್ ಲಾಗ್ ಆದ್ರ ಸ್ಲೋಪಿನ ಅರ್ಧ ln e. ಬುಡದ ರೀಡಿಂಗ್ ಹಾಕಿದ್ರ ಅದು ಹೆಚ್ಚುಕಡಿಮಿ ಸೀದಾ ಬರ್ತದ, ತಲಿ ರೀಡಿಂಗ್ ಹಾಕಿದ್ರ ಕಡೀಕ ಮ್ಯಾಲ ಬಾಗ್ತದ.