ಮಾರ್ಚ್ 15 ನಮ್ಮಂಥ ಅಂಗಡಿಯವರಿಗೂ ಅನ್ವಯಿಸುತ್ತಾ?

“ಸರ್, ನಾವು ಲೆಕ್ಕದ ಪುಸ್ತಕ ಇಡೋರಲ್ಲ, ವ್ಯಾಪಾರದ ಮೇಲೆ ಎಂಟು ಪರ್ಸೆಂಟ್ ತೋರಿಸೋರು. ನಮಗೂ ಅಡ್ವಾನ್ಸ್ ಟ್ಯಾಕ್ಸ್ ಬರುತ್ತಾ?”

ಬರುತ್ತೆ, ಆದರೆ ವರ್ಷಕ್ಕೆ ಒಂದೇ ಕಂತು. ಟಿಡಿಎಸ್ ಕಳೆದ ಮೇಲೆ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚು ಉಳಿಯುವುದಾದರೆ, ಪೂರ್ತಿ ಮಾರ್ಚ್ 15ರೊಳಗೆ ಕಟ್ಟಬೇಕು. ಬೇರೆ ವ್ಯಾಪಾರಿಗಳಿಗೆ ಇರುವ ಜೂನ್, ಸೆಪ್ಟೆಂಬರ್, ಡಿಸೆಂಬರ್ ಕಂತುಗಳು, ಹೀಗೆ ವಹಿವಾಟಿನ ಶೇಕಡಾವಾರು ಲಾಭ ತೋರಿಸಲು ಬಿಡುವ 44ಎಡಿ ಸೆಕ್ಷನ್ ಆಯ್ದುಕೊಂಡವರಿಗಿಲ್ಲ.

ದಾವಣಗೆರೆಯ ಒಂದು ಬಟ್ಟೆ ಅಂಗಡಿ ಅಂದುಕೊಳ್ಳಿ. 2025-26ರಲ್ಲಿ ವಹಿವಾಟು 1 ಕೋಟಿ 90 ಲಕ್ಷ. ಅದರಲ್ಲಿ 1 ಕೋಟಿ 20 ಲಕ್ಷ ಯುಪಿಐ, ಬ್ಯಾಂಕ್ ಮೂಲಕ ಬಂದದ್ದು, ಉಳಿದ 70 ಲಕ್ಷ ನಗದು. ಬ್ಯಾಂಕಿನ ಹಣಕ್ಕೆ ಶೇ. 6ರಂತೆ 7.2 ಲಕ್ಷ, ನಗದಿಗೆ ಶೇ. 8ರಂತೆ 5.6 ಲಕ್ಷ, ಒಟ್ಟು ಆದಾಯ 12.8 ಲಕ್ಷ. ಎಲ್ಲಕ್ಕೂ ಎಂಟೇ ಹಾಕುವವರು ಸುಮ್ಮನೆ ಹೆಚ್ಚು ಕಟ್ಟುತ್ತಾರೆ. ವರ್ಷದ ಕೊನೆಯಲ್ಲಿ ಉಳಿದ ಉದ್ರಿ, ರಿಟರ್ನ್ ಸಲ್ಲಿಸುವ ಕಡೆಯ ದಿನದೊಳಗೆ ಬ್ಯಾಂಕಿಗೆ ಬಂದರೆ ಅದಕ್ಕೂ ಆರೇ. ಆದರೆ ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು.

ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್‌ನಿಂದ ತೆರಿಗೆ ಸೊನ್ನೆ. ಇವರದು ಅದನ್ನು ದಾಟಿದ್ದರಿಂದ ಸ್ಲ್ಯಾಬ್ ಪ್ರಕಾರ 72,000, ಶೇ. 4 ಸೆಸ್ ಸೇರಿ 74,880. ಇವರೇ ಪೂರ್ತಿ ಯುಪಿಐನಲ್ಲಿ ವ್ಯಾಪಾರ ಮಾಡಿದ್ದರೆ ಆದಾಯ 11.4 ಲಕ್ಷ ಆಗಿ, ಬೇರೆ ಆದಾಯ ಇಲ್ಲದಿದ್ದರೆ, ಒಂದು ರೂಪಾಯಿಯೂ ಬರುತ್ತಿರಲಿಲ್ಲ! ಆದರೆ ಮಳಿಗೆ ಬಾಡಿಗೆ, ಎಫ್‌ಡಿ ಬಡ್ಡಿ ಬರುವವರು ಅದನ್ನೂ ಕೂಡಿಸಿ ನೋಡಬೇಕು. ಎಷ್ಟೋ ಜನರನ್ನು 12 ಲಕ್ಷ ದಾಟಿಸುವುದು ಅದೇ.

“ರಿಟರ್ನ್ ಹಾಕುವಾಗ ಕಟ್ಟಿದರೆ ಆಯ್ತಲ್ಲ” ಅನ್ನುವವರಿದ್ದಾರೆ. ಇವರು ಜುಲೈ ಕೊನೆಗೆ ಕಟ್ಟಿದರೆ, ಮಾರ್ಚ್ 15 ತಪ್ಪಿದ್ದಕ್ಕೆ ಶೇ. 1, ಏಪ್ರಿಲ್‌ನಿಂದ ನಾಲ್ಕು ತಿಂಗಳಿಗೆ ತಿಂಗಳಿಗೊಂದರಂತೆ ಶೇ. 4. ಸುಮಾರು 3,740 ರೂಪಾಯಿ ಬಡ್ಡಿ. ಮಾರ್ಚ್ 15 ತಪ್ಪಿಸಿದರೂ ಮಾರ್ಚ್ 31ರೊಳಗೆ ಪೂರ್ತಿ ಕಟ್ಟಿದರೆ ಆ ಶೇ. 4 ತಪ್ಪುತ್ತದೆ, ಶೇ. 1 ಮಾತ್ರ ಉಳಿಯುತ್ತದೆ.

ಎಪಿಎಂಸಿ ಯಾರ್ಡಿನ ದಲ್ಲಾಳಿಗಳೂ ಇದನ್ನೇ ಕೇಳುತ್ತಾರೆ. ಕಮಿಷನ್ ಆದಾಯಕ್ಕೆ 44ಎಡಿ ಇಲ್ಲ. ಅವರಿಗೆ ಲೆಕ್ಕದ ಪುಸ್ತಕವೂ ನಾಲ್ಕು ಕಂತುಗಳೂ ತಪ್ಪಿದ್ದಲ್ಲ.

ಕಟ್ಟುವಾಗ ಪೋರ್ಟಲ್‌ನಲ್ಲಿ Advance Tax (100) ಆರಿಸಿ. 2025-26ರ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಇಲ್ಲಿ 2025-26 ಅಂತಲೇ ಒತ್ತಿದರೆ ದುಡ್ಡು ಹಿಂದಿನ ವರ್ಷದ ಖಾತೆಗೆ ಹೋಗಿ ಕೂರುತ್ತೆ.