ಅಮ್ಮನ ಮನೆ ರೂಟರ್ ಲೈಟುಗಳು: ಫೋಟೋ ನೋಡಿ ಓದುವ ಪ್ರಯತ್ನ, ಎರಡನೇ ವಾರ

ಊರಲ್ಲಿ ಅಮ್ಮನ ಮನೆಯ ಫೈಬರ್ ನೆಟ್ ನಿಂತರೆ ನಾನು ಬೆಂಗಳೂರಿನಿಂದ ಫೋಟೋ ನೋಡಿಯೇ ಕಾರಣ ಹುಡುಕಬೇಕು. ಅದಕ್ಕೇ ಯಾವ ಲೈಟ್ ಏನು ಹೇಳುತ್ತದೆ ಅಂತ ಒಂದು ಚೀಟಿ ಬರೆಯುತ್ತಿದ್ದೇನೆ.

ಭಾನುವಾರ ಬಂದ ಮೊದಲ ಫೋಟೋ ಕತ್ತಲಲ್ಲಿ ತೆಗೆದದ್ದು. ಲೈಟುಗಳೆಲ್ಲ ಬೆಳ್ಳಗೆ ಹರಡಿಕೊಂಡಿದ್ದವು, ಕೆಳಗಿನ ಹೆಸರು ಒಂದೂ ಓದಲು ಆಗಲಿಲ್ಲ. ರೂಮಿನ ಲೈಟ್ ಹಾಕಿ, ಹೆಸರುಗಳೂ ಬರುವ ಹಾಗೆ ಹತ್ತಿರದಿಂದ ಇನ್ನೆರಡು ಫೋಟೋ ಕಳಿಸು ಅಂದೆ. ಒಂದರಲ್ಲಿ ಎಲ್‌ಒಎಸ್ ಅನ್ನೋ ಲೈಟ್ ಕೆಂಪಗೆ ಹತ್ತಿತ್ತು, ಇನ್ನೊಂದರಲ್ಲಿ ಆರಿತ್ತು. ಅಂದರೆ ಅದು ಮಿನುಗುತ್ತಿದೆ, ಅಲ್ವಾ? ಒಂದೇ ಫೋಟೋ ನಂಬಿದ್ದರೆ ಅರ್ಧ ವಿಷಯ ಕೈತಪ್ಪುತ್ತಿತ್ತು. ಈಗ ಹತ್ತು ಸೆಕೆಂಡಿನ ವಿಡಿಯೋವನ್ನೇ ಕೇಳುತ್ತೇನೆ.

ಎಲ್‌ಒಎಸ್ ಕೆಂಪಗೆ ಮಿನುಗಿದರೆ ಸಾಮಾನ್ಯವಾಗಿ ಫೈಬರಿನಲ್ಲಿ ಬೆಳಕು ಪೆಟ್ಟಿಗೆಗೆ ತಲುಪುತ್ತಿಲ್ಲ ಅಂತ ಅರ್ಥ. ಈ ಲೈಟ್ ಆರಿದ್ದರೇ ಒಳ್ಳೆಯದು. ಪಾನ್ ಲೈಟಿನದು ಉಲ್ಟಾ: ಹಸಿರಾಗಿ ನಿಂತಿರಬೇಕು. ಅದು ಮಿನುಗುತ್ತಿದ್ದರೆ ಪೆಟ್ಟಿಗೆ ಕಂಪನಿಯ ಆಚೆ ತುದಿಯ ಯಂತ್ರದ ಜೊತೆ ಇನ್ನೂ ನೋಂದಣಿ ಮಾಡಿಕೊಳ್ಳುತ್ತಿದೆ. ಅಮ್ಮನ ವಿಡಿಯೋದಲ್ಲಿ ಪಾನ್ ಪೂರ್ತಿ ಆರಿತ್ತು.

"ಬೆಳಿಗ್ಗೆ ಕಪಾಟು ಸರಿಸಿದ್ವಿ ಮಗಾ" ಅಂದರು ಅಮ್ಮ. ಹಿಂದೆ ನೋಡಿದರೆ ಹಳದಿ ವಯರು ಗೋಡೆ ಮತ್ತು ಕಪಾಟಿನ ನಡುವೆ ಮಡಚಿ ಸಿಕ್ಕಿಹಾಕಿಕೊಂಡಿತ್ತು. ಫೈಬರ್ ಒಳಗಿರುವುದು ಗಾಜಿನ ಎಳೆ, ಜಾಸ್ತಿ ಬಗ್ಗಿದರೆ ಬೆಳಕು ಬಾಗಿದ ಜಾಗದಲ್ಲೇ ಹೊರಗೆ ಸೋರಿಹೋಗುತ್ತದೆ. ಕಪಾಟನ್ನು ನಿಧಾನಕ್ಕೆ ಮುಂದೆ ತರಿಸಿ, ವಯರನ್ನು ಕಾಫಿ ಲೋಟದ ಬಾಯಷ್ಟು ಅಗಲದ ಸುತ್ತಾಗಿ ಬಿಡಿಸಿಟ್ಟರು. ಹಸಿರು ಕನೆಕ್ಟರ್ ಬಿಚ್ಚಬೇಡ, ಅದರ ತುದಿಗೆ ಕಣ್ಣಿಟ್ಟು ನೋಡಲೇಬೇಡ ಅಂತ ಎರಡೆರಡು ಸಲ ಹೇಳಿದೆ, ಅಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ವಿಡಿಯೋ ಕಾಲಿನಲ್ಲೇ ನೋಡುತ್ತಿದ್ದೆ: ಮೊದಲು ಎಲ್‌ಒಎಸ್ ಆರಿತು, ಪಾನ್ ಸ್ವಲ್ಪ ಹೊತ್ತು ಮಿನುಗಿ ಹಸಿರಾಗಿ ನಿಂತಿತು, ಆಮೇಲೆ ಇಂಟರ್‌ನೆಟ್ ಲೈಟ್ ಹಸಿರಾಯಿತು. ತುಂಬಾ ಖುಷಿಯಾಯಿತು.

ಗುರುವಾರ ಮತ್ತೆ ಕೆಂಪು. ಅಮ್ಮನಿಗೆ ಅದೇ ತೊಂದರೆ ಅನ್ನಿಸಿತ್ತು, ಆದರೆ ಈ ಸಲ ಎಲ್‌ಒಎಸ್ ಆರಿತ್ತು, ಪಾನ್ ಹಸಿರಾಗಿ ನಿಂತಿತ್ತು, ಕೆಂಪಾಗಿದ್ದದ್ದು ಇಂಟರ್‌ನೆಟ್ ಲೈಟ್ ಮಾತ್ರ. ಫೈಬರ್ ಸರಿಯಿದೆ, ಲಾಗಿನ್ ಅಥವಾ ಖಾತೆಯ ಕಡೆ ಏನೋ ಆಗಿದೆ. ವಯರು ಮುಟ್ಟಿಸಲೇ ಇಲ್ಲ. ನೋಡಿದರೆ ಪ್ಲ್ಯಾನ್ ಹಿಂದಿನ ದಿನವೇ ಮುಗಿದಿತ್ತು. ದುಡ್ಡು ಕಟ್ಟಿ ಒಂದು ಸಲ ಆಫ್ ಮಾಡಿ ಆನ್ ಮಾಡಿದ ಮೇಲೆ ಬಂತು.

ಹಾಗಾಗಿ ಚೀಟಿಯಲ್ಲಿ ಬಣ್ಣಕ್ಕಿಂತ ಮೊದಲು ಲೈಟಿನ ಹೆಸರು ಬರೆದಿದ್ದೇನೆ. ಲ್ಯಾನ್ ಮತ್ತು ವೈಫೈ ಲೈಟ್ ಹಸಿರಾಗಿ ಮಿನುಗಿದರೆ ಡೇಟಾ ಓಡಾಡುತ್ತಿದೆ ಅಷ್ಟೆ, ಗಾಬರಿ ಬೇಡ ಅಂತಲೂ ಸೇರಿಸಿದೆ. ಬೇರೆ ಕಂಪನಿಯ ಪೆಟ್ಟಿಗೆಯಲ್ಲಿ ಹೆಸರು, ಬಣ್ಣ ಸ್ವಲ್ಪ ಬೇರೆ ಇರುತ್ತವೆ, ಅದಕ್ಕೆ ಎಲ್ಲ ಸರಿ ಇರುವಾಗಲೇ ತೆಗೆದ ಒಂದು ಫೋಟೋವನ್ನು ಪ್ರಿಂಟ್ ಹಾಕಿಸಿ ಚೀಟಿಯ ಜೊತೆ ಕಪಾಟಿನ ಬಾಗಿಲಿಗೆ ಅಂಟಿಸಲು ಕಳಿಸುತ್ತಿದ್ದೇನೆ.